ವೀಸಾಗೆ, ಸಾಲಕ್ಕೆ ಎಚ್‌ಆರ್ ಹತ್ತಿರ ಪತ್ರ ಕೇಳುವುದು: ವಾಪಸ್ ಬರದಂಥ ಪತ್ರ ಪಡೆಯುವ ಸಮಗ್ರ ಮಾರ್ಗದರ್ಶಿ

"ಸರ್, ನನಗೊಂದು ಸ್ಯಾಲರಿ ಸರ್ಟಿಫಿಕೇಟ್ ಬೇಕಿತ್ತು. ಸ್ವಲ್ಪ ಅರ್ಜೆಂಟ್."

ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನನಗೆ ಬಂದ ಬಹುಪಾಲು ಇಮೇಲ್‌ಗಳು ಇಷ್ಟೇ ಇರುತ್ತಿದ್ದವು. ಯಾರಿಗೆ ಕೊಡಬೇಕು, ಅದರಲ್ಲಿ ಏನೇನು ಇರಬೇಕು, ಯಾವ ತಾರೀಕಿನೊಳಗೆ ಬೇಕು, ಒಂದೂ ಇರುತ್ತಿರಲಿಲ್ಲ. ನಾವು ಸಿದ್ಧ ನಮೂನೆ ತೆಗೆದು, ಹೆಸರು, ಹುದ್ದೆ, ಸೇರಿದ ದಿನ ತುಂಬಿ, ಸಹಿ ಹಾಕಿ ಕಳಿಸುತ್ತಿದ್ದೆವು. ಎರಡು ವಾರ ಬಿಟ್ಟು ಅವರೇ ಮತ್ತೆ ಬರುತ್ತಿದ್ದರು. "ಇದು ನಡೆಯಲ್ಲ ಅಂತ ವಾಪಸ್ ಕೊಟ್ರು."

ತಪ್ಪು ಪೂರ್ತಿ ನೌಕರರದ್ದೂ ಅಲ್ಲ, ಪೂರ್ತಿ ಎಚ್‌ಆರ್‌ನದ್ದೂ ಅಲ್ಲ. ಕಂಪನಿಯ ನಮೂನೆ "ಇವರು ನಮ್ಮಲ್ಲಿ ಕೆಲಸ ಮಾಡುತ್ತಾರೆ" ಅಂತ ಮಾತ್ರ ಹೇಳುತ್ತದೆ. ಬ್ಯಾಂಕಿಗೆ, ವೀಸಾ ಅಧಿಕಾರಿಗೆ ಬೇಕಾದ ಉತ್ತರ ಬೇರೆಯೇ. ಆ ಉತ್ತರಗಳನ್ನು ಪತ್ರದೊಳಗೆ ತರಿಸುವ ಕೆಲಸ ನಿಮ್ಮದು. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಅನ್ನೋದನ್ನು ಕೆಳಗೆ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಇಮೇಲ್ ಬರೆಯುವುದು ಐದನೇ ಹಂತ, ಮೊದಲನೆಯದಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಪಾಸ್‌ಪೋರ್ಟ್ ಅಥವಾ ಸಾಲದ ಅರ್ಜಿಯಲ್ಲಿ ಕೊಡುವ ಗುರುತಿನ ಚೀಟಿ, ಕೆಲಸಕ್ಕೆ ಸೇರುವಾಗ ಕೊಟ್ಟ ನೇಮಕಾತಿ ಪತ್ರ, ಬಡ್ತಿ ಅಥವಾ ಸಂಬಳ ಏರಿಕೆಯ ಪತ್ರಗಳು, ಕಳೆದ 6 ತಿಂಗಳ ಪೇಸ್ಲಿಪ್, ಅದೇ 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಇವೆಲ್ಲ ಒಂದು ಫೋಲ್ಡರಿನಲ್ಲಿ ಇರಲಿ. ಮೂರನೇ ಹಂತದಲ್ಲಿ ಇವು ಪಕ್ಕದಲ್ಲೇ ಬೇಕಾಗುತ್ತವೆ.

## ಹಂತ 1: ನಿಮಗೆ ಬೇಕಾದ ಪತ್ರ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಹೆಸರುಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಇಲ್ಲಿ ಬಹಳ ಜನ ಎಡವುತ್ತಾರೆ.

ಸ್ಯಾಲರಿ ಸರ್ಟಿಫಿಕೇಟ್ ಅಂದರೆ ಈಗ ನಿಮಗೆ ಎಷ್ಟು ಸಂಬಳ ಬರುತ್ತಿದೆ ಅನ್ನುವ ಪತ್ರ. ಸಾಲ ಕೊಡುವವರು ಕೇಳುವುದು ಸಾಮಾನ್ಯವಾಗಿ ಇದನ್ನೇ.

ಉದ್ಯೋಗ ದೃಢೀಕರಣ ಪತ್ರ ಅಂದರೆ ನೀವು ಈಗಲೂ ಕೆಲಸದಲ್ಲಿದ್ದೀರಿ, ಇಂಥ ಹುದ್ದೆಯಲ್ಲಿದ್ದೀರಿ ಅನ್ನುವುದು. ಪ್ರವಾಸಿ ವೀಸಾಗೆ ಇದರ ಜೊತೆ ರಜೆ ಮಂಜೂರಾದ ಮಾತೂ ಬೇಕಾಗುತ್ತದೆ.

ಅನುಭವ ಪತ್ರ ಅಂದರೆ ಯಾವಾಗಿನಿಂದ ಯಾವಾಗಿನವರೆಗೆ, ಯಾವ ಹುದ್ದೆಯಲ್ಲಿ, ಏನು ಕೆಲಸ ಮಾಡಿದಿರಿ ಅನ್ನುವುದು. ಇದನ್ನು ಕೆಲಸ ಬಿಟ್ಟಮೇಲೆ ಕೊಡುವುದು ರೂಢಿ. ಗೊಂದಲ ಹುಟ್ಟುವುದು ಇಲ್ಲೇ. ವಲಸೆ ವೀಸಾಗೆ ಇದೇ ವಿವರ ಈಗಿನ ಕಂಪನಿಯಿಂದಲೂ ಬೇಕಾಗುತ್ತದೆ. ನೀವು "ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಿ" ಅಂದರೆ ಎಚ್‌ಆರ್‌ನವರು "ನೀವಿನ್ನೂ ರಾಜೀನಾಮೆ ಕೊಟ್ಟಿಲ್ಲವಲ್ಲ" ಅಂತಾರೆ. ಅಂಥ ಕಡೆ "ಕೆಲಸದ ವಿವರ ಇರುವ ಉದ್ಯೋಗ ದೃಢೀಕರಣ ಪತ್ರ" ಅಂತ ಕೇಳಿ.

ರಿಲೀವಿಂಗ್ ಲೆಟರ್ ಬೇರೆ. ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದ್ದಾರೆ ಅನ್ನುವುದಷ್ಟೇ ಅದರಲ್ಲಿ ಇರುತ್ತದೆ. ಅನುಭವ ಪತ್ರದ ಜಾಗದಲ್ಲಿ ಅದನ್ನು ಕೊಟ್ಟರೆ ಕೆಲಸದ ವಿವರ ಎಲ್ಲಿ ಅಂತ ಕೇಳುತ್ತಾರೆ.

## ಹಂತ 2: ಕೇಳುತ್ತಿರುವವರ ಪಟ್ಟಿಯನ್ನು ಪದ ಪದವಾಗಿ ಓದಿ

ಗೆಳೆಯರು ಹೇಳಿದ್ದು, ಏಜೆಂಟ್ ಫೋನಿನಲ್ಲಿ ಹೇಳಿದ್ದು ಸಾಲದು. ರಾಯಭಾರ ಕಚೇರಿಯ ಅಥವಾ ವಲಸೆ ಇಲಾಖೆಯ ಅಧಿಕೃತ ಪುಟದಲ್ಲಿರುವ ಪಟ್ಟಿಯನ್ನೇ ತೆಗೆಯಿರಿ. ಬ್ಯಾಂಕಾದರೆ "ಪತ್ರದಲ್ಲಿ ಏನೇನು ಇರಬೇಕು, ದಯವಿಟ್ಟು ಇಮೇಲ್ ಮಾಡಿ" ಅಂತ ಕೇಳಿ. ಆ ಪಟ್ಟಿಯನ್ನು ಕಾಗದದ ಮೇಲೆ ಸಾಲು ಸಾಲಾಗಿ ಬರೆದುಕೊಳ್ಳಿ. ನಿಮ್ಮ ಪತ್ರದ ಅಳತೆಗೋಲು ಅದೇ.

ಒಂದೊಂದು ಕಡೆ ಬೇಡಿಕೆ ಎಷ್ಟು ಬೇರೆ ಬೇರೆ ಅಂತ ನೋಡಿ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆಗೆ ಕೆಲಸದ ಅನುಭವ ತೋರಿಸುವ ಪತ್ರ ಕಂಪನಿಯ ಲೆಟರ್‌ಹೆಡ್ ಮೇಲೆ ಇರಬೇಕು. ಅದರಲ್ಲಿ ನಿಮ್ಮ ಹೆಸರು, ಕಂಪನಿಯ ವಿಳಾಸ, ಫೋನ್, ಇಮೇಲ್, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಬೇಕು. ನೀವು ಅಲ್ಲಿ ಮಾಡಿದ ಪ್ರತಿಯೊಂದು ಹುದ್ದೆಗೂ ಹುದ್ದೆಯ ಹೆಸರು, ಮಾಡಿದ ಕೆಲಸಗಳು, ಶುರು ಮತ್ತು ಕೊನೆಯ ದಿನ, ವಾರಕ್ಕೆ ಎಷ್ಟು ಗಂಟೆ ಕೆಲಸ, ವರ್ಷದ ಸಂಬಳ ಮತ್ತು ಸೌಲಭ್ಯಗಳು ಬೇಕು. ವಾರದ ಗಂಟೆ ಯಾಕೆ ಅಂದರೆ, ಅಲ್ಲಿ ವಾರಕ್ಕೆ 30 ಗಂಟೆಯನ್ನು ಪೂರ್ಣಾವಧಿ ಅಂತ ಲೆಕ್ಕ ಹಿಡಿಯುತ್ತಾರೆ. ವರ್ಷಕ್ಕೆ ಅದು 1,560 ಗಂಟೆ. ಪತ್ರದಲ್ಲಿ ಗಂಟೆಯ ಸಂಖ್ಯೆಯೇ ಇಲ್ಲದಿದ್ದರೆ ಅಧಿಕಾರಿ ಈ ಲೆಕ್ಕ ಹಾಕುವುದು ಯಾವುದರಿಂದ? ಕಂಪನಿಗಳ ಸಿದ್ಧ ನಮೂನೆಯಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇವೆರಡೇ: ಕೆಲಸದ ವಿವರ ಮತ್ತು ವಾರದ ಗಂಟೆ.

ಬ್ರಿಟನ್‌ನ ಕುಟುಂಬ ವೀಸಾದಲ್ಲಿ ಸಂಬಳದ ಆದಾಯ ತೋರಿಸುವಾಗ ಪ್ರಶ್ನೆಗಳೇ ಬೇರೆ. ಅಲ್ಲಿ ಪತ್ರ ಹೇಳಬೇಕಾದದ್ದು ನಾಲ್ಕು ವಿಷಯ: ನೀವು ಕೆಲಸದಲ್ಲಿದ್ದೀರಿ ಮತ್ತು ವರ್ಷಕ್ಕೆ ಕಡಿತಕ್ಕೆ ಮುಂಚೆ ಸಂಬಳ ಎಷ್ಟು, ಎಷ್ಟು ದಿನದಿಂದ ಇದ್ದೀರಿ, ಈ ಮಟ್ಟದ ಸಂಬಳ ಎಂದಿನಿಂದ ಬರುತ್ತಿದೆ, ಕೆಲಸ ಕಾಯಂ ಆದದ್ದೋ ನಿಗದಿತ ಅವಧಿಯದ್ದೋ ಏಜೆನ್ಸಿ ಮೂಲಕದ್ದೋ. ಮೂರನೇ ವಿಷಯ ಬಹಳ ಪತ್ರಗಳಲ್ಲಿ ಬಿಟ್ಟುಹೋಗಿರುತ್ತದೆ. ಐದು ವರ್ಷದಿಂದ ಕೆಲಸದಲ್ಲಿದ್ದರೂ ಈ ಸಂಬಳ ಎರಡು ತಿಂಗಳ ಹಿಂದೆ ಏರಿದ್ದಾಗಿರಬಹುದು ಅಲ್ವಾ? ಅವರು ಕೇಳುತ್ತಿರುವುದು ಅದನ್ನೇ.

ಷೆಂಗೆನ್ ಪ್ರವಾಸಿ ವೀಸಾಗೆ ನೀವು ವಾಪಸ್ ಬರುತ್ತೀರಾ ಅನ್ನುವುದೇ ದೊಡ್ಡ ಪ್ರಶ್ನೆ. ಹಾಗಾಗಿ ಹುದ್ದೆ, ಸೇರಿದ ದಿನ, ಸಂಬಳದ ಜೊತೆಗೆ ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಕೊಟ್ಟಿದ್ದೇವೆ, ಆಮೇಲೆ ಇಂಥ ದಿನ ಕೆಲಸಕ್ಕೆ ಹಾಜರಾಗುತ್ತಾರೆ ಅನ್ನುವ ಸಾಲು ಮುಖ್ಯ. ರಜೆಯ ದಿನಗಳು ನಿಮ್ಮ ವಿಮಾನದ ಟಿಕೆಟ್ಟಿಗೆ ತಾಳೆಯಾಗಬೇಕು.

ಬ್ಯಾಂಕಿಗೆ ಒಂದೇ ಚಿಂತೆ. ಪ್ರತಿ ತಿಂಗಳು ಖಚಿತವಾಗಿ ಎಷ್ಟು ಬರುತ್ತದೆ, ಇನ್ನೆಷ್ಟು ದಿನ ಬರುತ್ತದೆ? ಸಂಬಳದ ವಿಂಗಡಣೆ, ಕೆಲಸ ಕಾಯಮ್ಮೋ ಒಪ್ಪಂದದ್ದೋ, ಪ್ರೊಬೇಷನ್ ಮುಗಿದಿದೆಯೋ, ಇವನ್ನು ನೋಡುತ್ತಾರೆ.

ಪತ್ರದ ತಾರೀಕನ್ನೂ ಗಮನಿಸಿ. ಮೇಲೆ ಹೇಳಿದ ಬ್ರಿಟನ್ ವೀಸಾದಲ್ಲಿ, ಕೊಡುವ ದಾಖಲೆಗಳಲ್ಲಿ ತೀರಾ ಇತ್ತೀಚಿನದು ಅರ್ಜಿ ಹಾಕುವ ದಿನಕ್ಕೆ 28 ದಿನಗಳ ಒಳಗಿನದ್ದಾಗಿರಬೇಕು. ಬೇರೆ ಕಡೆಯೂ ಹಳೆಯ ಪತ್ರವನ್ನು ಇಷ್ಟಪಡುವುದಿಲ್ಲ. ಮುಂದೆ ಬೇಕಾದೀತು ಅಂತ ಮೂರು ತಿಂಗಳು ಮೊದಲೇ ತೆಗೆದಿಟ್ಟುಕೊಂಡರೆ ಅದು ಕೆಲಸಕ್ಕೆ ಬಾರದೇ ಹೋಗಬಹುದು.

## ಹಂತ 3: ನಿಮ್ಮ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತವಾ ನೋಡಿ

ಅಧಿಕಾರಿ ಪತ್ರವೊಂದನ್ನೇ ಇಟ್ಟುಕೊಂಡು ಓದುವುದಿಲ್ಲ. ಪಕ್ಕದಲ್ಲಿ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಇಟ್ಟುಕೊಂಡೇ ಓದುತ್ತಾರೆ. ಎಲ್ಲಿ ಹೊಂದಿಕೆ ತಪ್ಪಿತೋ ಅಲ್ಲಿ ಅನುಮಾನ ಶುರು. ಆ ಕೆಲಸವನ್ನು ನೀವೇ ಮೊದಲು ಮಾಡಿ.

ಹೆಸರಿನಿಂದ ಶುರು ಮಾಡಿ. ಕಂಪನಿಯಲ್ಲಿ ಇನಿಶಿಯಲ್ ಸಹಿತ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಬರೆದ ಹೆಸರು ಇರುವುದು ತುಂಬಾ ಸಾಮಾನ್ಯ. ಪತ್ರದಲ್ಲಿ ಪಾಸ್‌ಪೋರ್ಟ್‌ನ ಹೆಸರೇ ಇರಲಿ. ಜೊತೆಗೆ ನೌಕರರ ಸಂಖ್ಯೆ ಹಾಕಿಸಿ. ಪೇಸ್ಲಿಪ್‌ನಲ್ಲೂ ಅದೇ ಸಂಖ್ಯೆ ಇರುವುದರಿಂದ ಎರಡೂ ಒಬ್ಬರದೇ ಅಂತ ಗೊತ್ತಾಗುತ್ತದೆ.

ಆಮೇಲೆ ಹುದ್ದೆ. ನೀವು ಅರ್ಜಿಯಲ್ಲಿ ಬರೆದದ್ದು, ವಿಸಿಟಿಂಗ್ ಕಾರ್ಡಿನಲ್ಲಿ ಇರುವುದು, ಕಂಪನಿಯ ದಾಖಲೆಯಲ್ಲಿ ಇರುವುದು ಬೇರೆ ಬೇರೆ ಇರಬಹುದು. ಎಚ್‌ಆರ್ ಕೊಡುವುದು ತಮ್ಮ ದಾಖಲೆಯಲ್ಲಿ ಇದ್ದದ್ದನ್ನೇ. ಅರ್ಜಿಯಲ್ಲೂ ಅದನ್ನೇ ಬರೆಯಿರಿ.

ಇನ್ನು ಸಂಬಳ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಾನು ನೋಡಿದ ಗೊಂದಲಗಳಲ್ಲಿ ಜಾಸ್ತಿ ಇಲ್ಲೇ ಆದದ್ದು. ಸಂಬಳ ಅಂದರೆ ಮೂರು ಬೇರೆ ಬೇರೆ ಅಂಕಿಗಳು. ಒಬ್ಬ ನೌಕರರ ಲೆಕ್ಕ ತೆಗೆದುಕೊಳ್ಳಿ. ಕಡಿತಕ್ಕೆ ಮುಂಚೆ ತಿಂಗಳಿಗೆ 80,000. ಅದರಲ್ಲಿ ನಿವೃತ್ತಿ ನಿಧಿಗೆ 6,000, ತೆರಿಗೆಗೆ 5,000, ವಿಮೆಗೆ 500 ಕಳೆದು ಬ್ಯಾಂಕಿಗೆ ಬೀಳುವುದು 68,500. ಆದರೆ ಅವರ ನೇಮಕಾತಿ ಪತ್ರದಲ್ಲಿ ವರ್ಷಕ್ಕೆ 11,76,000 ಅಂತ ಇದೆ. ಹೇಗೆ? 80,000ದ 12 ತಿಂಗಳಿಗೆ 9,60,000. ಅದಕ್ಕೆ ಗುರಿ ಮುಟ್ಟಿದರೆ ಮಾತ್ರ ಬರುವ ಬೋನಸ್ 1,20,000, ಕಂಪನಿ ತನ್ನ ಕಡೆಯಿಂದ ನಿವೃತ್ತಿ ನಿಧಿಗೆ ಕಟ್ಟುವ 72,000, ಕಂಪನಿ ಕಟ್ಟುವ ವಿಮೆ 24,000 ಸೇರಿಸಿದ್ದಾರೆ.

ಪತ್ರದಲ್ಲಿ ಸುಮ್ನೆ "ವಾರ್ಷಿಕ ಸಂಬಳ 11,76,000" ಅಂತ ಬಂದರೆ ಸಾಲದ ಅಧಿಕಾರಿ ಅದನ್ನು 12ರಿಂದ ಭಾಗಿಸುತ್ತಾರೆ. ತಿಂಗಳಿಗೆ 98,000 ಬರುತ್ತದೆ. ಸ್ಟೇಟ್‌ಮೆಂಟ್ ನೋಡಿದರೆ 68,500. ನಡುವಿನ 29,500 ಎಲ್ಲಿ ಹೋಯಿತು ಅಂತ ಅವರಿಗೆ ಗೊತ್ತಾಗುವುದು ಹೇಗೆ? ಯಾರೂ ಸುಳ್ಳು ಹೇಳಿಲ್ಲ, ಆದರೂ ಫೈಲು ನಿಂತುಹೋಗುತ್ತದೆ. ಆದ್ದರಿಂದ ಪತ್ರದಲ್ಲಿ ಸಂಬಳವನ್ನು ಬಿಡಿಸಿ ಬರೆಸಿ: ಕಡಿತಕ್ಕೆ ಮುಂಚೆ ತಿಂಗಳಿಗೆ ಎಷ್ಟು, ಯಾವ ಯಾವ ಕಡಿತ, ಕೈಗೆ ಬರುವುದು ಎಷ್ಟು, ಬೋನಸ್ ಖಚಿತವೋ ಅಲ್ಲವೋ. ಕೈಗೆ ಬರುವ ಅಂಕಿ ಸ್ಟೇಟ್‌ಮೆಂಟಿನ ಅಂಕಿಗೆ ಸರಿಹೊಂದಬೇಕು. ಯಾವುದೋ ತಿಂಗಳು ಸಂಬಳವಿಲ್ಲದ ರಜೆ ಹಾಕಿ ಕಡಿಮೆ ಬಂದಿದ್ದರೆ ಆ ತಿಂಗಳ ಪೇಸ್ಲಿಪ್ ಜೊತೆಗಿಡಿ.

ಕೊನೆಗೆ ದಿನಾಂಕಗಳು. ಸೇರಿದ ದಿನ ನೇಮಕಾತಿ ಪತ್ರದಲ್ಲಿ ಒಂದು, ಎಚ್‌ಆರ್ ದಾಖಲೆಯಲ್ಲಿ ಇನ್ನೊಂದು ಇರುವುದುಂಟು. ಕಂಪನಿಯನ್ನು ಬೇರೆಯವರು ಕೊಂಡಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಇದು ಆಗಿಯೇ ಆಗುತ್ತದೆ. ಆಗ "ಮೊದಲಿನ ಹೆಸರು ಇದು, ಇಂಥ ದಿನದಿಂದ ಈ ಹೆಸರು, ಇವರ ಸೇವೆ ನಡುವೆ ಕಡಿದಿಲ್ಲ" ಅನ್ನುವ ಒಂದು ಸಾಲು ಪತ್ರದಲ್ಲಿ ಬೇಕು.

## ಹಂತ 4: ಪತ್ರದ ಕರಡು ನೀವೇ ಬರೆಯಿರಿ

ಇದನ್ನು ಹೇಳಿದಾಗ ಬಹಳ ಜನ ಹಿಂಜರಿಯುತ್ತಾರೆ. "ಅವರ ಪತ್ರವನ್ನು ನಾನು ಬರೆದರೆ ತಪ್ಪು ತಿಳಿದುಕೊಳ್ಳಲ್ವಾ?" ಎಚ್‌ಆರ್‌ನಲ್ಲಿ ಕೂತವನಾಗಿ ಹೇಳುತ್ತೇನೆ, ಕರಡು ಕಳಿಸಿದವರ ಕೆಲಸ ಮೊದಲು ಮುಗಿಯುತ್ತಿತ್ತು. ನಮಗೆ ನಿಮ್ಮ ದಿನನಿತ್ಯದ ಕೆಲಸ ಗೊತ್ತಿರುವುದಿಲ್ಲ. ವೀಸಾ ನಿಯಮವೂ ಗೊತ್ತಿರುವುದಿಲ್ಲ. ಕರಡು ಕೈಗೆ ಬಂದರೆ ನಮ್ಮ ದಾಖಲೆಯ ಜೊತೆ ಹೋಲಿಸಿ ತಿದ್ದುವುದು ಸುಲಭ.

ಕರಡಿನ ಕ್ರಮ ಹೀಗಿರಲಿ. ಮೇಲೆ ತಾರೀಕು. ಅದರ ಕೆಳಗೆ ಯಾರಿಗೆ ಅನ್ನುವುದು. ಗೊತ್ತಿದ್ದರೆ ಬ್ಯಾಂಕಿನ ಶಾಖೆ ಅಥವಾ ರಾಯಭಾರ ಕಚೇರಿಯ ಹೆಸರು, ಗೊತ್ತಿಲ್ಲದಿದ್ದರೆ "ಸಂಬಂಧಪಟ್ಟವರಿಗೆ" ಸಾಕು. ಮೊದಲ ಪ್ಯಾರಾದಲ್ಲಿ ಹೆಸರು, ನೌಕರರ ಸಂಖ್ಯೆ, ಸೇರಿದ ದಿನ, ಈಗಿನ ಹುದ್ದೆ, ಕಾಯಂ ಅಥವಾ ಒಪ್ಪಂದ, ವಾರದ ಗಂಟೆ. ಎರಡನೆಯದರಲ್ಲಿ ಸಂಬಳ. ಮೂರನೆಯದರಲ್ಲಿ, ಬೇಕಿದ್ದರೆ ಮಾತ್ರ, ಮಾಡುವ ಕೆಲಸ. ಕೊನೆಯಲ್ಲಿ ಸಹಿ ಮಾಡುವವರ ಹೆಸರು, ಹುದ್ದೆ, ಫೋನ್, ಆಫೀಸಿನ ಇಮೇಲ್.

ಕೆಲಸದ ವಿವರ ಬರೆಯುವಾಗ ಎರಡು ತಪ್ಪು ಆಗುತ್ತದೆ. ಒಂದು, ತೀರಾ ಸಪ್ಪೆ: "ತಂಡದ ಜೊತೆ ಕೆಲಸ ಮಾಡಿ ಯೋಜನೆಗಳನ್ನು ಸಮಯಕ್ಕೆ ಮುಗಿಸಿದ್ದಾರೆ." ಇದರಿಂದ ಲೆಕ್ಕಿಗರೋ ಎಂಜಿನಿಯರೋ ಅಂತಲೂ ಗೊತ್ತಾಗುವುದಿಲ್ಲ. ಇನ್ನೊಂದು ಇದಕ್ಕಿಂತ ಅಪಾಯದ್ದು. ಕೆನಡಾ ತನ್ನ ಉದ್ಯೋಗ ವರ್ಗೀಕರಣದಲ್ಲಿ ಪ್ರತಿ ಉದ್ಯೋಗದ ಮುಖ್ಯ ಕೆಲಸಗಳನ್ನು ಪಟ್ಟಿ ಮಾಡಿದೆ. ಅದನ್ನೇ ಅಕ್ಷರಶಃ ಪತ್ರಕ್ಕೆ ಇಳಿಸುತ್ತಾರೆ. ಅಧಿಕಾರಿಗೆ ಆ ಪಟ್ಟಿ ಬಾಯಿಪಾಠವಿರುತ್ತದೆ. ಅವೇ ಪದ, ಅದೇ ಕ್ರಮ ಕಂಡರೆ ಇದು ಕಂಪನಿಯ ಮಾತಲ್ಲ ಅಂತ ಅನುಮಾನ ಬರುತ್ತದೆ.

ಸರಿಯಾದ ದಾರಿ ಏನು? ಆ ಪಟ್ಟಿ ಓದಿ, ಅದರಲ್ಲಿ ನೀವು ನಿಜವಾಗಿ ಮಾಡುವ ಕೆಲಸ ಯಾವುದು ಅಂತ ಗುರುತು ಮಾಡಿ, ಪಟ್ಟಿ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ. ಉದಾಹರಣೆಗೆ ಲೆಕ್ಕಪತ್ರ ವಿಭಾಗದವರಾದರೆ: "ಪ್ರತಿ ತಿಂಗಳ ಕೊನೆಗೆ ಮೂರು ಶಾಖೆಗಳ ಲೆಕ್ಕ ಮುಗಿಸಿ ಲಾಭ ನಷ್ಟದ ವರದಿ ತಯಾರಿಸುತ್ತಾರೆ. ಬ್ಯಾಂಕ್ ಖಾತೆಗಳನ್ನು ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ವಾರ್ಷಿಕ ಆಡಿಟ್‌ಗೆ ದಾಖಲೆ ಒದಗಿಸುತ್ತಾರೆ." ಹೀಗೆ ಆರೇಳು ಸಾಲು ಸಾಕು. ನಡುವೆ ಬಡ್ತಿ ಸಿಕ್ಕಿದ್ದರೆ ಹಳೆ ಹುದ್ದೆಯ ಕೆಲಸ ಬೇರೆ, ಹೊಸದರ ಕೆಲಸ ಬೇರೆ, ಎರಡಕ್ಕೂ ಬೇರೆ ದಿನಾಂಕ. ಮಾಡದ ಕೆಲಸ ಒಂದೂ ಬೇಡ. ನಿಮ್ಮ ಮ್ಯಾನೇಜರಿಗೆ ಫೋನ್ ಬಂದರೆ ಅವರು ಹೌದು ಅನ್ನುವಂತಿರಬೇಕು.

## ಹಂತ 5: ಈಗ ಇಮೇಲ್ ಬರೆಯಿರಿ

ಮೊದಲು ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿ. ಕೆಲಸದ ವಿವರ ಸರಿಯಾ ಅಂತ ಎಚ್‌ಆರ್‌ನವರು ಕೇಳುವುದು ಅವರನ್ನೇ. ಎಚ್‌ಆರ್‌ನಿಂದ ಸುದ್ದಿ ತಿಳಿದರೆ ಅವರಿಗೆ ಮುಜುಗರ, ನಿಮಗೆ ತಡ. ಕಂಪನಿಯಲ್ಲಿ ಇಂಥದ್ದಕ್ಕೆ ಪೋರ್ಟಲ್ ಇದ್ದರೆ ಅಲ್ಲೇ ಕೋರಿಕೆ ಹಾಕಿ, ಕರಡನ್ನು ಲಗತ್ತಿಸಿ. ಕಾರಣ ಕೇಳುವ ಜಾಗದಲ್ಲಿ ಸುಮ್ನೆ "ವೈಯಕ್ತಿಕ" ಅಂತ ಆಯ್ದರೆ ಸಿದ್ಧ ನಮೂನೆಯೇ ಬರುತ್ತದೆ.

ಇಮೇಲ್ ಹೀಗಿದ್ದರೆ ಸಾಕು. ನಿಮ್ಮ ಆಫೀಸಿನಲ್ಲಿ ನಡೆಯುವ ಭಾಷೆಯಲ್ಲಿ ಬರೆದುಕೊಳ್ಳಿ.

> ವಿಷಯ: ಗೃಹಸಾಲಕ್ಕೆ ಸ್ಯಾಲರಿ ಸರ್ಟಿಫಿಕೇಟ್ ಕೋರಿಕೆ, ನೌಕರರ ಸಂಖ್ಯೆ ____, 18ನೇ ತಾರೀಕಿನೊಳಗೆ
>
> ನಮಸ್ಕಾರ,
>
> ಗೃಹಸಾಲದ ಅರ್ಜಿಗೆ ನನಗೆ ಸ್ಯಾಲರಿ ಸರ್ಟಿಫಿಕೇಟ್ ಬೇಕಾಗಿದೆ. ಬ್ಯಾಂಕ್ ಕೇಳಿರುವ ವಿವರಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ನಿಮಗೆ ಅನುಕೂಲವಾಗಲಿ ಅಂತ ಕರಡನ್ನೂ ಜೊತೆಗಿಟ್ಟಿದ್ದೇನೆ. ನಿಮ್ಮ ದಾಖಲೆಗೆ ಹೊಂದದ್ದು ಏನಾದರೂ ಇದ್ದರೆ ದಯವಿಟ್ಟು ತಿದ್ದಿ.
>
> ಮುಖ್ಯವಾಗಿ ಮೂರು ವಿಷಯ ಇರಲೇಬೇಕು: ಸಂಬಳದ ವಿಂಗಡಣೆ, ಕೆಲಸ ಕಾಯಂ ಅನ್ನುವುದು, ಸಹಿ ಮಾಡುವವರ ನೇರ ಫೋನ್ ಮತ್ತು ಇಮೇಲ್.
>
> ಅರ್ಜಿ 22ಕ್ಕೆ ಕೊಡಬೇಕು. 18ರೊಳಗೆ ಸಿಕ್ಕರೆ ಒಮ್ಮೆ ನೋಡಿಕೊಳ್ಳಲು ಸಮಯ ಇರುತ್ತದೆ. ಲೆಟರ್‌ಹೆಡ್ ಮೇಲೆ ಸಹಿ ಮಾಡಿದ ಮೂಲ ಪ್ರತಿ ಒಂದು, ಸ್ಕ್ಯಾನ್ ಒಂದು ಬೇಕು.
>
> ನನ್ನ ಮ್ಯಾನೇಜರಿಗೆ ತಿಳಿಸಿದ್ದೇನೆ, ಅವರನ್ನು ಈ ಇಮೇಲಿಗೆ ಸೇರಿಸಿದ್ದೇನೆ.

ಇದರಲ್ಲಿ ಗಮನಿಸಬೇಕಾದದ್ದು ತಾರೀಕು. "ಬೇಗ", "ಅರ್ಜೆಂಟ್" ಅನ್ನುವ ಪದಗಳಿಗೆ ಎಚ್‌ಆರ್ ಇನ್‌ಬಾಕ್ಸಿನಲ್ಲಿ ಬೆಲೆ ಇಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. ದಿನ ಹೇಳಿ, ಆ ದಿನ ಯಾಕೆ ಅಂತ ಒಂದು ಸಾಲಿನಲ್ಲಿ ಹೇಳಿ. ಸಂಬಳ ಹಾಕುವ ವಾರದಲ್ಲಿ ಸಾಧ್ಯವಾದರೆ ಕೇಳಬೇಡಿ. ಆ ದಿನಗಳಲ್ಲಿ ಬೇರೆ ಕೆಲಸಕ್ಕೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಮೂರು ಕೆಲಸದ ದಿನ ಕಳೆದರೂ ಉತ್ತರ ಇಲ್ಲದಿದ್ದರೆ ಅದೇ ಇಮೇಲಿಗೆ ಉತ್ತರವಾಗಿ ನೆನಪಿಸಿ. ಹೊಸ ಇಮೇಲ್ ಬರೆದರೆ ಲಗತ್ತುಗಳು ಹಿಂದೆ ಉಳಿದುಬಿಡುತ್ತವೆ.

ವಲಸೆ ವೀಸಾ ಅಂತ ಹೇಳಿದರೆ ಕೆಲಸ ಬಿಡುತ್ತಾನೆ ಅಂದುಕೊಂಡು ಬಡ್ತಿ ತಡೆಯುತ್ತಾರೇನೋ ಅನ್ನುವ ಭಯ ಹಲವರಿಗೆ ಇದೆ. ಆ ಭಯ ಆಧಾರವಿಲ್ಲದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕಾಗಿ "ಬ್ಯಾಂಕ್ ಸಾಲಕ್ಕೆ" ಅಂತ ಸುಳ್ಳು ಕಾರಣ ಕೊಡಬೇಡಿ. ಮೊದಲನೆಯದಾಗಿ ಸಾಲದ ನಮೂನೆ ಬರುತ್ತದೆ, ಕೆಲಸದ ವಿವರ ಇರುವುದಿಲ್ಲ. ಎರಡನೆಯದಾಗಿ ನಾಳೆ ವಲಸೆ ಇಲಾಖೆಯಿಂದ ವಿಚಾರಣೆ ಬಂದಾಗ ಎಚ್‌ಆರ್‌ನವರು "ನಾವು ಕೊಟ್ಟದ್ದು ಸಾಲಕ್ಕೆ" ಅಂದುಬಿಟ್ಟರೆ ಕಥೆ ಕೆಟ್ಟಿತು. "ವೀಸಾ ಅರ್ಜಿಗೆ" ಅಂತ ಹೇಳಿ, ಅಷ್ಟು ಸಾಕು. ಎಂದು ಹೋಗುತ್ತೀರಿ, ಹೋಗುತ್ತೀರೋ ಇಲ್ಲವೋ, ಅದನ್ನೆಲ್ಲ ವಿವರಿಸುವ ಅಗತ್ಯ ಇಲ್ಲ.

## ಹಂತ 6: "ನಮ್ಮ ನಮೂನೆಯಲ್ಲೇ ಕೊಡುತ್ತೇವೆ" ಅಂದರೆ

ದೊಡ್ಡ ಕಂಪನಿಗಳಲ್ಲಿ ಈ ಉತ್ತರ ಬರುವ ಸಾಧ್ಯತೆ ಜಾಸ್ತಿ. ಅಲ್ಲಿ ಕೂತವರಿಗೆ ನಮೂನೆ ಬದಲಿಸುವ ಅಧಿಕಾರ ಇರುವುದಿಲ್ಲ. ಅವರ ಜೊತೆ ಜಗಳಕ್ಕೆ ನಿಂತರೆ ದಿನ ಕಳೆಯುತ್ತದೆ.

ನನ್ನ ಸಹೋದ್ಯೋಗಿಯೊಬ್ಬರ ಪ್ರಕರಣ ಹೇಳುತ್ತೇನೆ. ಅವರಿಗೆ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಲು ಆಹ್ವಾನ ಬಂತು. ಅಂಥ ಆಹ್ವಾನ ಬಂದಮೇಲೆ ಪೂರ್ತಿ ಅರ್ಜಿ ಸಲ್ಲಿಸಲು 60 ದಿನ ಇರುತ್ತದೆ. ವೈದ್ಯಕೀಯ ಪರೀಕ್ಷೆ, ಪೊಲೀಸ್ ಪ್ರಮಾಣಪತ್ರ ಅಂತ ಓಡಾಡಿ, ಆಫೀಸಿನ ಪತ್ರ ತಾನೇ, ಯಾವಾಗ ಕೇಳಿದರೂ ಸಿಗುತ್ತದೆ ಅಂದುಕೊಂಡು ಕೊನೆಗೆ ಇಟ್ಟುಕೊಂಡರು. 41ನೇ ದಿನ ಕೇಳಿದರು. ನಮೂನೆಯ ಪತ್ರ ಕೈಗೆ ಬಂದದ್ದು 47ನೇ ದಿನ. ಅದರಲ್ಲಿ ಹುದ್ದೆ, ಸೇರಿದ ದಿನ, ಸಂಬಳ ಇತ್ತು. ಕೆಲಸದ ವಿವರ ಇಲ್ಲ, ಗಂಟೆ ಇಲ್ಲ. ಬದಲಿಸಲು ಆಗುವುದಿಲ್ಲ ಅಂತ ಮೇಲಿನವರು ಕಡ್ಡಿ ಮುರಿದಂತೆ ಹೇಳಿದರು.

ಆಗ ಮಾಡಿದ್ದು ಇಷ್ಟು. ನಮೂನೆಯ ಪತ್ರವನ್ನು ಹಾಗೇ ಇಟ್ಟುಕೊಂಡರು. ಅವರ ಮ್ಯಾನೇಜರ್ ಇನ್ನೊಂದು ಪತ್ರ ಬರೆದರು. ಅದರಲ್ಲಿ ತಮ್ಮ ಹುದ್ದೆ, ಎಷ್ಟು ದಿನದಿಂದ ಇವರ ಕೆಲಸ ನೋಡಿದ್ದಾರೆ, ಇವರು ಮಾಡುವ ಕೆಲಸಗಳೇನು, ವಾರಕ್ಕೆ 40 ಗಂಟೆ ಕೆಲಸ ಅನ್ನುವುದನ್ನು ಸಹಿ ಮಾಡಿ, ಆಫೀಸಿನ ಇಮೇಲ್ ಮತ್ತು ಫೋನ್ ಸಹಿತ ಕೊಟ್ಟರು. ಕಂಪನಿಯ ಲೆಟರ್‌ಹೆಡ್ ಬಳಸಲು ಅನುಮತಿ ಇರಲಿಲ್ಲ, ಬಿಳಿ ಹಾಳೆಯ ಮೇಲೆ ಬರೆದು ನೋಟರಿ ಮಾಡಿಸಿದರು. ವಾರದ ಗಂಟೆ ನಮೂದಾಗಿದ್ದ ನೇಮಕಾತಿ ಪತ್ರ, ಬಡ್ತಿಯ ಪತ್ರ, ಪೇಸ್ಲಿಪ್‌ಗಳು ಜೊತೆಗೆ. ಇವೆಲ್ಲದರ ಮೇಲೆ ಅವರದ್ದೇ ಒಂದು ವಿವರಣೆ ಪತ್ರ: ಕಂಪನಿ ತನ್ನ ನಮೂನೆ ಬಿಟ್ಟು ಬೇರೆ ಕೊಡುವುದಿಲ್ಲ, ಕೇಳಿದ್ದೇನೆ, ಅವರ ಉತ್ತರ ಇಲ್ಲಿದೆ, ಬಿಟ್ಟುಹೋದ ವಿವರ ಇಂಥ ದಾಖಲೆಯಲ್ಲಿ ಇದೆ. ಎಚ್‌ಆರ್ ಇಮೇಲಿನಲ್ಲಿ ಇಲ್ಲ ಅಂದದ್ದರ ಪ್ರತಿಯೂ ಅದರಲ್ಲಿತ್ತು.

ಆ ಪ್ರತಿ ಮುಖ್ಯ. ಎಚ್‌ಆರ್ ಬಾಯಿಮಾತಿನಲ್ಲಿ ಆಗುವುದಿಲ್ಲ ಅಂದರೆ, ಸೌಜನ್ಯದಿಂದಲೇ ಅದನ್ನು ಇಮೇಲಿನಲ್ಲಿ ಕೊಡಿ ಅಂತ ಕೇಳಿ. ನೀವು ಪ್ರಯತ್ನ ಮಾಡಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ. ಪತ್ರ ಇಲ್ಲದ ಬರೀ ವಿವರಣೆಗೆ ತೂಕ ಕಡಿಮೆ.

ಹಳೆಯ ಕಂಪನಿ ಮುಚ್ಚಿಹೋಗಿದ್ದರೂ ದಾರಿ ಇದೇ. ಆಗಿನ ಮೇಲಧಿಕಾರಿಯನ್ನು ಹುಡುಕಿ ಪ್ರಮಾಣಪತ್ರ ಬರೆಸಿ, ಪೇಸ್ಲಿಪ್, ತೆರಿಗೆ ದಾಖಲೆ, ಸಂಬಳ ಜಮೆಯಾದ ಸ್ಟೇಟ್‌ಮೆಂಟ್ ಸೇರಿಸಿ, ಕಂಪನಿ ಮುಚ್ಚಿದೆ ಅಂತ ವಿವರಣೆ ಬರೆಯಿರಿ.

ಬಂದ ಪತ್ರದ ಪಿಡಿಎಫ್ ತೆರೆದು ಒಂದು ಸಾಲು ಸೇರಿಸುವುದು, ತಾರೀಕು ಬದಲಿಸುವುದು, ಲೆಟರ್‌ಹೆಡ್ ನಕಲು ಮಾಡುವುದು, ಇದನ್ನು ಮಾತ್ರ ಮಾಡಲೇಬೇಡಿ. ನೀವು ಸೇರಿಸಿದ್ದು ನೂರಕ್ಕೆ ನೂರು ನಿಜವಾಗಿದ್ದರೂ ಅದು ನಕಲಿ ದಾಖಲೆಯೇ. ಕೆನಡಾದಲ್ಲಿ ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ 5 ವರ್ಷ ಪ್ರವೇಶ ನಿಷೇಧ. ಒಂದು ಸಾಲು ಬಿಟ್ಟುಹೋದ ಪತ್ರಕ್ಕೆ ಪರಿಹಾರ ಇದೆ, ಇದಕ್ಕೆ ಇಲ್ಲ.

## ಹಂತ 7: ಪತ್ರ ಕೈಗೆ ಬಂದ ದಿನವೇ ಪರೀಕ್ಷಿಸಿ

ಎರಡನೇ ಹಂತದಲ್ಲಿ ಬರೆದುಕೊಂಡ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಪ್ರತಿ ಸಾಲಿನ ಉತ್ತರ ಪತ್ರದಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ನೋಡಿ. ನಿಮ್ಮದೇ ಕರಡು ಅಂತ ಕಣ್ಣು ಹಾಯಿಸಿ ಬಿಡಬೇಡಿ. ಎಚ್‌ಆರ್‌ನವರು ಬೇರೆಯವರ ಪತ್ರದ ಮೇಲೆ ನಿಮ್ಮ ಹೆಸರು ಹಾಕಿರಬಹುದು. ಕೆಳಗಿನ ಪ್ಯಾರಾದಲ್ಲಿ "ಅವನು" ಇರಬೇಕಾದಲ್ಲಿ "ಅವಳು" ಅಂತ, ಅಥವಾ ಇನ್ನೊಬ್ಬರ ಹುದ್ದೆ ಉಳಿದಿರುವುದನ್ನು ನಾನೇ ನೋಡಿದ್ದೇನೆ.

ಕೆಳಗಿನ ಯಾವುದಾದರೂ ಕಂಡರೆ ಅದೇ ದಿನ ವಾಪಸ್ ಕಳಿಸಿ:

- ಸಹಿ ಇದೆ, ಸಹಿ ಮಾಡಿದವರ ಹೆಸರಿಲ್ಲ, ಅಥವಾ ಹುದ್ದೆ ಇಲ್ಲ.
- ಫೋನ್ ಸ್ವಾಗತ ಕೌಂಟರಿನದ್ದು, ಇಮೇಲ್ ಯಾರದೋ ವೈಯಕ್ತಿಕ ವಿಳಾಸ.
- ತಿಂಗಳ ಸಂಬಳ ಮತ್ತು ವರ್ಷದ ಸಂಬಳ ಗುಣಿಸಿದರೆ ಹೊಂದುವುದಿಲ್ಲ.
- ತಿಂಗಳು ಮತ್ತು ದಿನ ಅದಲುಬದಲಾಗುವಂತೆ ತಾರೀಕು ಬರೆದಿದ್ದಾರೆ. 04/07 ಅಂದರೆ ಕೆಲವು ದೇಶದಲ್ಲಿ ಏಪ್ರಿಲ್, ಕೆಲವು ಕಡೆ ಜುಲೈ. ತಿಂಗಳನ್ನು ಅಕ್ಷರದಲ್ಲಿ ಬರೆಸಿ.
- ಎರಡು ಪುಟ ಇದೆ, ಲೆಟರ್‌ಹೆಡ್ ಮತ್ತು ಸಹಿ ಒಂದರ ಮೇಲೆ ಮಾತ್ರ.

ಸಹಿ ಡಿಜಿಟಲ್ ಆಗಿದ್ದರೆ ಅದನ್ನು ಒಪ್ಪುತ್ತಾರಾ ಅಂತ ಮೊದಲೇ ಕೇಳಿ. ಅಂಥ ಪಿಡಿಎಫ್ ಅನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೆ ಡಿಜಿಟಲ್ ಸಹಿಯನ್ನು ಪರೀಕ್ಷಿಸಲು ಆಗುವುದಿಲ್ಲ. ಬಂದ ಫೈಲನ್ನೇ ಅಪ್‌ಲೋಡ್ ಮಾಡಿ.

ತಿದ್ದುಪಡಿ ಕೇಳುವಾಗ "ಪತ್ರ ಸರಿಯಿಲ್ಲ" ಅಂತ ಬರೆಯಬೇಡಿ. "ಎರಡನೇ ಪ್ಯಾರಾ, ಮೂರನೇ ಸಾಲು, ಸೇರಿದ ದಿನ 12 ಅಂತ ಇದೆ, 21 ಆಗಬೇಕು, ನೇಮಕಾತಿ ಪತ್ರ ಲಗತ್ತಿಸಿದ್ದೇನೆ" ಅಂತ ಬರೆಯಿರಿ. ಐದು ನಿಮಿಷದ ಕೆಲಸ ಅಂತ ಗೊತ್ತಾದರೆ ಅದು ಐದು ನಿಮಿಷದಲ್ಲೇ ಆಗುತ್ತದೆ.

## ಹಂತ 8: ವಿಚಾರಣೆ ಬಂದಾಗ ಉತ್ತರ ಸಿಗುವಂತೆ ಮಾಡಿ

ಬಹಳ ಜನ ಪತ್ರ ಕೊಟ್ಟು ಮರೆತುಬಿಡುತ್ತಾರೆ. ಬ್ಯಾಂಕು ಅಥವಾ ವೀಸಾ ಕಚೇರಿ ಪತ್ರದಲ್ಲಿರುವ ಸಂಖ್ಯೆಗೆ ಫೋನ್ ಮಾಡಬಹುದು, ಇಮೇಲ್ ಕಳಿಸಬಹುದು. ಸಹಿ ಮಾಡಿದವರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರೆ? ಹೊಸಬರು "ಅಂಥವರು ಇಲ್ಲಿಲ್ಲ" ಅಂದರೆ ಪತ್ರದ ಮೇಲೇ ಅನುಮಾನ ಬರುತ್ತದೆ.

ಅದಕ್ಕೆ ಅರ್ಜಿ ಸಲ್ಲಿಸಿದ ದಿನ ಎಚ್‌ಆರ್‌ಗೆ ಎರಡು ಸಾಲು ಬರೆಯಿರಿ. "ನೀವು ಕೊಟ್ಟ ಪತ್ರವನ್ನು ಇವತ್ತು ಸಲ್ಲಿಸಿದ್ದೇನೆ. ಮುಂದಿನ ಕೆಲವು ವಾರಗಳಲ್ಲಿ ವಿಚಾರಣೆ ಬರಬಹುದು, ಸಹಿ ಮಾಡಿದ ಪ್ರತಿ ಲಗತ್ತಿಸಿದ್ದೇನೆ." ಎರಡನೇ ಪತ್ರ ಬರೆದ ಮ್ಯಾನೇಜರಿಗೂ ಅದೇ ಪ್ರತಿ ಕಳಿಸಿ. ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂದರೆ ಎತ್ತಿ ಅಂತ ಹೇಳಿ. ಹೊರದೇಶದ ಸಂಖ್ಯೆ ನೋಡಿ ಮೋಸದ ಕರೆ ಅಂತ ಕಡಿದುಹಾಕುವವರು ಇದ್ದಾರೆ.

ನೀವು ಆ ಕಂಪನಿ ಬಿಡುವುದಾದರೆ, ಕೊನೆಯ ದಿನಕ್ಕೆ ಮುಂಚೆ ಅನುಭವ ಪತ್ರವನ್ನೂ ಕೆಲಸದ ವಿವರ, ವಾರದ ಗಂಟೆ ಸಹಿತ ಕೇಳಿ ಪಡೆಯಿರಿ. ನಿಮ್ಮ ಕೆಲಸ ಗೊತ್ತಿರುವ ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಇದ್ದಾಗಲೇ ಇದು ಸುಲಭ. ಪೇಸ್ಲಿಪ್‌ಗಳನ್ನು ಆಫೀಸಿನ ಪೋರ್ಟಲ್‌ನಿಂದ ಇಳಿಸಿಟ್ಟುಕೊಳ್ಳಿ. ಕೊನೆಯ ದಿನ ಸಂಜೆಗೆ ನಿಮ್ಮ ಲಾಗಿನ್ ಮುಚ್ಚುತ್ತಾರೆ.